ಬೆಚ್ಚನೆಯ ಕೈ, ದಣಿದ ಹೃದಯ

ಹೊಳಲ್ಕೆರೆ ಕಡೆಯ ಅಡಿಕೆ ತೋಟದಲ್ಲಿ ಕೂಲಿ ಮಾಡುವ, ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಎಂದುಕೊಳ್ಳೋಣ. ವರ್ಷದಿಂದ ಮುಟ್ಟಿನ ಸ್ರಾವ ವಿಪರೀತ. ಈಗ ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಸಂಜೆಗೆ ಕಾಲು ಊತ, ಮಲಗಿದರೆ ದಮ್ಮು. ವೈದ್ಯರು ಕೈ ಹಿಡಿದರೆ ಅದು ಬೆಚ್ಚಗಿದೆ, ನಾಡಿ ಜೋರಾಗಿ ಕುಪ್ಪಳಿಸುತ್ತಿದೆ. ಹೃದಯ ಸೋತವರ ಕೈ ಸಾಮಾನ್ಯವಾಗಿ ತಣ್ಣಗಿರುತ್ತದೆ. ಎಕೋ ಮಾಡಿಸಿದರೆ ಹೃದಯ ಚೆನ್ನಾಗಿಯೇ ಬಡಿಯುತ್ತಿದೆ. ಆದರೂ ಆಕೆಗೆ ಆಗಿರುವುದು ಹೃದಯ ವೈಫಲ್ಯವೇ.

ಲೆಕ್ಕ ಹಾಕಿದರೆ ಇದು ಅರ್ಥವಾಗುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಆರೋಗ್ಯವಂತರ ಹೃದಯ ನಿಮಿಷಕ್ಕೆ ಐದು ಲೀಟರ್ ರಕ್ತ ತಳ್ಳಿದರೆ ಸುಮಾರು 1,000 ಮಿಲಿಲೀಟರ್ ಆಮ್ಲಜನಕ ಮೈಗೆ ಸಿಗುತ್ತದೆ. ಸುಮ್ಮನೆ ಕೂತಾಗಲೂ ಮೈಗೆ ಬೇಕಾದದ್ದು 250. ಈ ಹೆಂಗಸಿನ ಹಿಮೋಗ್ಲೋಬಿನ್ 4 ಗ್ರಾಂಗೆ ಇಳಿದಿದ್ದರೆ, ಅದೇ ಐದು ಲೀಟರ್ ರಕ್ತ ತರುವುದು 268 ಮಾತ್ರ. ಅಷ್ಟನ್ನೂ ಹಿಂಡಿ ತೆಗೆಯಲು ಮೈಗೆ ಆಗದು. ಹಾಗಾಗಿ ರಕ್ತನಾಳಗಳು ಸಡಿಲಗೊಳ್ಳುತ್ತವೆ, ಹೃದಯ ಎಂಟು ಹತ್ತು ಲೀಟರ್ ತಳ್ಳತೊಡಗುತ್ತದೆ. ನಾಳ ಸಡಿಲಾದಾಗ ಒತ್ತಡ ತಗ್ಗುತ್ತದೆ. ಮೂತ್ರಪಿಂಡಕ್ಕೆ ಅದು ರಕ್ತವೇ ಕಡಿಮೆಯಾದ ಹಾಗೆ ತೋರಿ, ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ. ಆ ನೀರೇ ಕಾಲಿನ ಊತ, ಎದೆಯ ದಮ್ಮು.

ಇಂಥವರನ್ನು ಕಂಡಾಗ ಮನೆಯವರಿಗೆ ಮೊದಲು ಹೊಳೆಯುವುದು ‘ಸುಸ್ತಾಗಿದೆ, ಒಂದು ಗ್ಲೂಕೋಸ್ ಬಾಟಲಿ ಹಾಕಿಸೋಣ’ ಎಂಬ ಮಾತು. ಅದು ಅಪಾಯ. ಮೊದಲೇ ನೀರು ತುಂಬಿದ ಮೈಗೆ ಇನ್ನಷ್ಟು ನೀರು ಸೇರುತ್ತದೆ. ರಕ್ತ ಕೊಡುವಾಗಲೂ ಇದೇ ಎಚ್ಚರ ಬೇಕು. ಪ್ಲಾಸ್ಮಾ ತೆಗೆದ ಕೆಂಪು ಕಣಗಳನ್ನು ಒಂದು ಸಲಕ್ಕೆ ಒಂದೇ ಚೀಲದಂತೆ, ನಾಲ್ಕು ತಾಸಿನವರೆಗೆ ನಿಧಾನವಾಗಿ, ಅಗತ್ಯವಿದ್ದರೆ ಮೂತ್ರ ಇಳಿಸುವ ಔಷಧಿಯ ಜೊತೆ ಕೊಡುತ್ತಾರೆ. ಆಮೇಲೆ ಕಬ್ಬಿಣಾಂಶ ತುಂಬಬೇಕು, ಸ್ರಾವದ ಕಾರಣ ಹುಡುಕಬೇಕು.

ಇದೇ ಬೆಚ್ಚನೆಯ ಕೈ, ಇದೇ ಊತ ಇನ್ನೊಂದು ಕೊರತೆಯಲ್ಲೂ ಕಾಣುತ್ತದೆ. ಅದು ಥಯಾಮಿನ್, ಅಂದರೆ ಬಿ1 ಜೀವಸತ್ವ. ಅದಿಲ್ಲದೆ ಜೀವಕೋಶ ಸಕ್ಕರೆಯನ್ನು ಪೂರ್ತಿ ಉರಿಸಲಾರದು, ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ, ನಾಳಗಳು ಸಡಿಲಾಗುತ್ತವೆ. ಮೈಯಲ್ಲಿರುವ ದಾಸ್ತಾನು ಎರಡು ಮೂರು ವಾರಕ್ಕಷ್ಟೇ ಸಾಕು. ಇದನ್ನು 1936ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ. ಅಕ್ಕಿಯ ತೌಡಿನ ಸಾರ ಕುಡಿಸಿದ ಕೂಸುಗಳು ಚೇತರಿಸಿಕೊಂಡದ್ದನ್ನು ಅವರು ಫಿಲಿಪ್ಪೀನ್ಸಿನಲ್ಲಿ ಯುವಕನಾಗಿದ್ದಾಗಲೇ ಕಂಡಿದ್ದರು.

ನಮ್ಮ ಕಾಲದಲ್ಲಿ ಇದನ್ನು ಮತ್ತೆ ಗಮನಕ್ಕೆ ತಂದವರಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರೂ ಇದ್ದಾರೆ. ಬರೀ ಎದೆಹಾಲು ಕುಡಿಯುವ ಎಳೆಗೂಸುಗಳು ಏದುಸಿರಿನಿಂದ ಬರುತ್ತಿದ್ದವು. ಶ್ವಾಸಕೋಶದ ಒತ್ತಡ ಏರಿ ಹೃದಯದ ಬಲಭಾಗ ಸೋತಿರುತ್ತಿತ್ತು. ದೊಡ್ಡವರ ‘ಹೆಚ್ಚು ತಳ್ಳುವ’ ಹೃದಯಕ್ಕಿಂತ ಇದು ಬೇರೆ ರೂಪ, ಕೊರತೆ ಮಾತ್ರ ಅದೇ. ತಾಯಂದಿರು ಪಾಲಿಶ್ ಮಾಡಿದ ಅಕ್ಕಿಯ ಅನ್ನ ಉಣ್ಣುತ್ತಿದ್ದರು, ಬಾಣಂತನದ ಪಥ್ಯದಲ್ಲಿ ಅನೇಕ ಆಹಾರಗಳನ್ನು ಬಿಟ್ಟಿದ್ದರು. ಥಯಾಮಿನ್ ಕೊಟ್ಟಾಗ ಕೂಸುಗಳು ಒಂದೆರಡು ದಿನದಲ್ಲೇ ಸುಧಾರಿಸಿದವು.

ಹಿರಿಯೂರು, ಹೊಸದುರ್ಗದ ಬಯಲಲ್ಲಿ ರಾಗಿಮುದ್ದೆ ಉಣ್ಣುವವರಿಗೆ ಈ ವಿಚಾರದಲ್ಲಿ ಒಂದು ರಕ್ಷಣೆ ಇದೆ. ಪಾಲಿಶ್ ಅಕ್ಕಿಗಿಂತ ರಾಗಿಯಲ್ಲಿ ಥಯಾಮಿನ್ ಹಲವು ಪಟ್ಟು ಹೆಚ್ಚು. ಆದರೆ ಬಾಣಂತಿಗೆ ಮುದ್ದೆ ಬೇಡವೆಂದು ತಿಳಿ ಅನ್ನ ಬಡಿಸಿದರೆ, ಅದನ್ನೂ ಗಂಜಿ ಬಸಿದು ಕೊಟ್ಟರೆ, ನೀರಿನಲ್ಲಿ ಕರಗುವ ಥಯಾಮಿನ್ ಬಸಿದ ನೀರಿನೊಂದಿಗೆ ಹೋಗುತ್ತದೆ. ಕಬ್ಬಿಣಾಂಶಕ್ಕೆ ರಾಗಿ ಅಂಥ ಕಾವಲಲ್ಲ. ಅದರ ಟ್ಯಾನಿನ್, ಫೈಟೇಟ್‌ಗಳು ಕಬ್ಬಿಣವನ್ನು ಹೀರಲು ಬಿಡುವುದಿಲ್ಲ, ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ಇನ್ನಷ್ಟು ತಡೆಯುತ್ತದೆ. ಸಾರವರ್ಧಿತ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕಡ್ಡಾಯವಾಗಿ ಸೇರಿಸುತ್ತಾರೆ. ಥಯಾಮಿನ್ ಕಡ್ಡಾಯವಲ್ಲ.

ಮದ್ಯ ಹೆಚ್ಚು ಕುಡಿಯುವವರಲ್ಲಿ ಥಯಾಮಿನ್ ಹೀರಿಕೆ ಕಡಿಮೆ. ಊತಕ್ಕೆ ಕೊಡುವ ಫ್ಯುರೊಸೆಮೈಡ್‌ನಂಥ ಮೂತ್ರವರ್ಧಕವೂ ಅದನ್ನು ಹೊರಹಾಕುತ್ತದೆ. ಪರೀಕ್ಷೆ ಎಲ್ಲೆಡೆ ಸಿಗುವುದಿಲ್ಲ, ವರದಿ ಬರಲು ದಿನಗಳು ಬೇಕು. ಹಾಗಾಗಿ ಅನುಮಾನ ಬಂದಾಗ ವೈದ್ಯರು ಕಾಯದೆ ಇಂಜೆಕ್ಷನ್ ಕೊಟ್ಟುಬಿಡುತ್ತಾರೆ, ಗ್ಲೂಕೋಸ್ ಬೇಕಿದ್ದರೂ ಅದಕ್ಕೆ ಮುಂಚೆ ಅಥವಾ ಜೊತೆಗೇ. ತಾಸುಗಳಲ್ಲಿ ಉಸಿರು ಹಗುರಾದರೆ ಕಾರಣ ಹೆಚ್ಚುಕಡಿಮೆ ಸಿಕ್ಕಂತೆಯೇ. ಆಗದಿದ್ದರೆ ಥೈರಾಯ್ಡ್‌ನಂಥ ಬೇರೆ ಕಾರಣ ಹುಡುಕಬೇಕು.

ಕಾಲು ಊದಿ ದಮ್ಮು ಬಂದವರನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ಯುವಾಗ ಎರಡು ವಿಷಯ ಹೇಳಲು ಮರೆಯಬೇಡಿ: ಕಳೆದ ತಿಂಗಳು ಅವರು ತಿಂದದ್ದೇನು, ಮೈಯಿಂದ ರಕ್ತ ಹೋಗುತ್ತಿದೆಯೇ.