ಬ್ಯಾಂಕ್ ಶಾಖೆಗಳ ದಕ್ಷತಾವಿಚಾರ

ಒಂದು ಶಾಖೆ ಠೇವಣಿಯಲ್ಲಿಯೂ ಇನ್ನೊಂದು ಸಾಲದಲ್ಲಿಯೂ ಮುಂದಾಗಿದ್ದರೆ ಅವುಗಳ ತಾರತಮ್ಯವನ್ನು ನಿರ್ಣಯಿಸುವುದೆಂತು? ಠೇವಣಿಗಿಷ್ಟು, ಸಾಲಕ್ಕಿಷ್ಟು ಎಂದು ಬೆಲೆಯನ್ನು ಮೊದಲೇ ಕಟ್ಟಿದರೆ ನಿರ್ಣಯವು ಕಟ್ಟಿದವನ ಇಚ್ಛೆಗೆ ಅಧೀನವಾಗುವುದು. 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಎಂಬವರು ನಿರೂಪಿಸಿದ ‘ದತ್ತಾಂಶ ಆವರಣ ವಿಶ್ಲೇಷಣೆ’ಯು ಬೆಲೆಗಳ ಆಯ್ಕೆಯನ್ನು ಆಯಾ ಶಾಖೆಗೇ ಬಿಡುತ್ತದೆ. ಫಲಗಳ ಒಟ್ಟು ಬೆಲೆಯನ್ನು ಸಾಧನಗಳ ಒಟ್ಟು ಬೆಲೆಯಿಂದ ಭಾಗಿಸಿದುದೇ ಅದರ ಅಂಕ. ನಿಯಮವೊಂದೇ: ಅದೇ ಬೆಲೆಗಳಿಂದ ಅಳೆದಾಗ ಯಾವ ಶಾಖೆಯ ಅಂಕವೂ 1ನ್ನು ಮೀರಕೂಡದು.

ಇದನ್ನು ಕಲ್ಪಿತ ಅಂಕಗಳಿಂದ ವಿಶದಪಡಿಸಬಹುದು. ನಾಲ್ಕು ಊರುಗಳ ಶಾಖೆಗಳಲ್ಲಿಯೂ ತಲಾ 10 ನೌಕರರಿರಲಿ. ಒಂದು ವರ್ಷದ ಹೊಸ ಠೇವಣಿ, ಸಾಲಗಳ ಸಂಖ್ಯೆಯು ಕ್ರಮವಾಗಿ ಚಿತ್ರದುರ್ಗದಲ್ಲಿ 80, 20. ಹಿರಿಯೂರಿನಲ್ಲಿ 20, 80. ಹೊಸದುರ್ಗದಲ್ಲಿ 40, 40. ಹೊಳಲ್ಕೆರೆಯಲ್ಲಿ 80, 10 ಆಗಿರಲಿ. ಚಿತ್ರದುರ್ಗದ ರೀತಿಯಲ್ಲಿ 5 ಮಂದಿಯೂ ಹಿರಿಯೂರಿನ ರೀತಿಯಲ್ಲಿ 5 ಮಂದಿಯೂ ದುಡಿದರೆ 50, 50 ದೊರೆಯುವುವು. ಆದುದರಿಂದ ಹೊಸದುರ್ಗದ ಫಲಕ್ಕೆ 8 ಮಂದಿ ಸಾಕು; ಅದರ ಅಂಕ 0.8. ಯಾವ ಬೆಲೆಗಳನ್ನು ಆರಿಸಿಕೊಂಡರೂ ಅದು ಇದಕ್ಕಿಂತ ಮೇಲೇರದು. ಪ್ರಮಾಣ ಕುಗ್ಗಿದಂತೆ ಫಲವೂ ಅದೇ ಅನುಪಾತದಲ್ಲಿ ಕುಗ್ಗುವುದೆಂಬುದು ಇಲ್ಲಿಯ ಊಹೆ.

ಹೊಳಲ್ಕೆರೆಯಲ್ಲಿ ದೋಷವೊಂದು ಗೋಚರಿಸುತ್ತದೆ. ಅದು ಸಾಲದ ಬೆಲೆಯನ್ನು ಸೊನ್ನೆಯಾಗಿಸಿದರೆ ಅಂಕ 1 ಆಗುವುದು. ಆದರೆ ಅಷ್ಟೇ ಠೇವಣಿಯೊಡನೆ ಚಿತ್ರದುರ್ಗವು 10 ಸಾಲಗಳನ್ನು ಅಧಿಕವಾಗಿ ಕೊಟ್ಟಿದೆ. ಆದುದರಿಂದ ಅಂಕದೊಡನೆ ಈ ಕೊರತೆಯನ್ನೂ ಪರಿಶೀಲಿಸತಕ್ಕದ್ದು. ಶಾಖೆಗಳು ಕಡಮೆಯಾಗಿ ಅಳತೆಯ ಬಾಬುಗಳು ಹೆಚ್ಚಿದಷ್ಟೂ ಇಂತಹ ಆಶ್ರಯವು ಸುಲಭವಾಗಿ, ಬಹುಪಾಲು ಶಾಖೆಗಳು ದಕ್ಷವೆಂದೇ ತೋರುವುವು. ದೊರೆತ ಅಂಕವೂ ಸಾಪೇಕ್ಷ: 1 ಎಂಬುದು ಈ ನಾಲ್ಕರಲ್ಲಿ ಕಂಡ ಶ್ರೇಷ್ಠತೆಯೇ ಹೊರತು ಪರಿಪೂರ್ಣತೆಯಲ್ಲ.