ಬೋರಿನ ಮೋಟಾರು ಸುಡುವದೇಕೆ?

ಅಕ್ಕಲಕೋಟ ತಾಲೂಕಿನ ರೈತರೊಬ್ಬರ ಬೋರಿನ ಮೋಟಾರು ಒಂದೇ ಹಂಗಾಮಿನಲ್ಲಿ ಎರಡು ಸಲ ಸುಟ್ಟಿತು. ಅದನ್ನು ರಿಪೇರಿ ಮಾಡಿದ ಸೊಲ್ಲಾಪುರದ ಮಿಸ್ತ್ರಿಯವರು ಬರೆದ ಪತ್ರವು ಎಲ್ಲ ರೈತಬಾಂಧವರಿಗೂ ಬೇಕಾದದ್ದೆಂದು, ಇಬ್ಬರ ಒಪ್ಪಿಗೆಯಿಂದ ಇಲ್ಲಿ ಕೊಡುತ್ತೇವೆ.

ಗೌಡರಿಗೆ ಶರಣು.

ಕಳಪೆ ತಂತಿ ಸುತ್ತಿದ್ದಕ್ಕೇ ಮೋಟಾರು ಸುಟ್ಟಿತೇ ಎಂದು ತಾವು ಕೇಳಿದ್ದೀರಿ. ಬಿಚ್ಚಿ ನೋಡಿದೆವು. ಮೂರೂ ಫೇಜಿನ ಸುತ್ತುಗಳು ಒಂದೇ ಸಮನೆ ಕರಗಿವೆ. ಒಂದು ಫೇಜು ಹೋಗಿ ಸುಟ್ಟಿದ್ದರೆ ಎರಡು ಕರಗಿ ಒಂದು ಚೊಕ್ಕಟ ಉಳಿಯುತ್ತಿತ್ತು. ಪಂಪು ಕೈಯಿಂದ ಹಗುರಾಗಿ ತಿರುಗುತ್ತದೆ, ಬೋರಿನಲ್ಲಿ ನೀರೂ ಇದೆ. ಆದ್ದರಿಂದ ಕಾರಣ ವೋಲ್ಟೇಜೇ ಎಂಬುದು ನಮ್ಮ ಅಭಿಪ್ರಾಯ.

ವೋಲ್ಟೇಜು ಕಡಿಮೆಯಾದರೆ ಕರೆಂಟೂ ಕಡಿಮೆಯಾಗಬೇಕಲ್ಲ ಎಂದು ಅನಿಸುವದು ಸಹಜ. ತಂತಿಯ ಬಲ್ಬಿಗೆ ಅದು ನಿಜ, ಮೋಟಾರಿಗಲ್ಲ. ನೀರನ್ನು ಮೇಲೆತ್ತುವ ಭಾರ ಹೆಚ್ಚುಕಡಿಮೆ ಅಷ್ಟೇ ಇರುವದು. ಒತ್ತಡ ಇಳಿದಾಗ ಅದೇ ಕೆಲಸಕ್ಕೆ ಮೋಟಾರು ಹೆಚ್ಚು ಕರೆಂಟು ಎಳೆಯುವದು. ತಮ್ಮ 5 ಎಚ್.ಪಿ. ಮೋಟಾರಿನ ಪಟ್ಟಿಯ ಮೇಲೆ 415 ವೋಲ್ಟಿಗೆ 9 ಅಂಪಿಯರ್ ಎಂದಿದೆ. 340 ವೋಲ್ಟು ಬಂದರೆ ಅದು ಸುಮಾರು 11 ಅಂಪಿಯರ್ ಎಳೆಯುವದು. ತಂತಿಯ ಕಾವು ಕರೆಂಟಿನ ವರ್ಗದಂತೆ ಏರುವದರಿಂದ, ಕಾವು ಸುಮಾರು ಒಂದೂವರೆ ಪಟ್ಟು ಆಗುವದು. ಆ ಕಾವಿಗೆ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ, ಸುತ್ತಿಗೆ ಸುತ್ತು ತಾಗುವದು.

ಚಾಲೂ ಮಾಡುವಾಗ ಅಪಾಯ ಇನ್ನೂ ಹೆಚ್ಚು. 340 ವೋಲ್ಟಿಗೆ ತಿರುಗಿಸುವ ಶಕ್ತಿ ಮೂರರಲ್ಲಿ ಎರಡು ಪಾಲು ಮಾತ್ರ ಉಳಿಯುವದು. ಇನ್ನೂ ಇಳಿದರೆ ಮೋಟಾರು ತಿರುಗದೆ ನಿಂತು, ಐದಾರು ಪಟ್ಟು ಕರೆಂಟು ಎಳೆಯುವದು. ಅದರ ಗುಂಯ್‌ಗುಡುವ ಸದ್ದು ನೆಲದೊಳಗಿಂದ ನಮಗೆ ಕೇಳದು. ಮೀಟರಿನ ಮುಳ್ಳು ಮೇಲೇರಿ ಕೆಳಗಿಳಿಯದಿದ್ದರೆ ಕೂಡಲೆ ಬಂದ್ ಮಾಡಬೇಕು.

ಹೀಗಾಗದಂತೆ ತಡೆಯಲೆಂದೇ ಸ್ಟಾರ್ಟರಿನಲ್ಲಿ ರಿಲೇ ಇದೆ. ತಮ್ಮಲ್ಲಿ ಅದು ಪದೇ ಪದೇ ಬೀಳುತ್ತದೆಂದು ಯಾರೋ 9ರಿಂದ 13ಕ್ಕೆ ತಿರುಗಿಸಿದ್ದಾರೆ. ಇದರಿಂದ ಕಾವಲುಗಾರನ ಕಣ್ಣು ಕಟ್ಟಿದಂತಾಯಿತು. ಅದನ್ನು ಮತ್ತೆ 9ಕ್ಕೆ ಇಡಿರಿ. ಬಿದ್ದರೆ ಕಾರಣ ಹುಡುಕಿರಿ.

ಇನ್ನೊಂದು ಮಾತು. ವಿದ್ಯುತ್ತು ಬಂದ ಕ್ಷಣವೇ ಡಿ.ಪಿ. ಮೇಲಿನ ಎಲ್ಲ ಮೋಟಾರುಗಳೂ ಆಟೋಸ್ವಿಚ್ಚಿನಿಂದ ಒಮ್ಮೆಲೆ ಏಳುತ್ತವೆ. ವೋಲ್ಟೇಜು ಎಲ್ಲಕ್ಕೂ ಹೆಚ್ಚು ಕುಸಿಯುವದು ಆಗಲೇ. ಆಟೋಸ್ವಿಚ್ಚು ತೆಗೆಯಿಸಿ, ನೆರೆಯವರೊಡನೆ ಮಾತಾಡಿ, ಒಬ್ಬರ ನಂತರ ಒಬ್ಬರು ಚಾಲೂ ಮಾಡಿರಿ. ಎಲ್ಲರ ಪಂಪೂ ನಡೆದಿರುವಾಗ ಸ್ಟಾರ್ಟರಿನಲ್ಲಿ ಎರಡೆರಡು ಫೇಜಿನ ನಡುವೆ ಅಳೆಯಿಸಿರಿ. 350ಕ್ಕಿಂತ ಕಡಿಮೆ ಇದ್ದರೆ ಆ ಹೊತ್ತು ನೀರು ಬಿಡಬೇಡಿರಿ. ಡಿ.ಪಿ.ಯ ಶಕ್ತಿಯೇ ಸಾಲದಿದ್ದರೆ ನಾವು ಎಷ್ಟು ಒಳ್ಳೆಯ ತಂತಿ ಸುತ್ತಿದರೂ ಉಳಿಯದು. ಆಗ ಅಳತೆ ಬರೆದಿಟ್ಟುಕೊಂಡು ಎಲ್ಲರೂ ಕೂಡಿ ವಿದ್ಯುತ್ ಕಚೇರಿಗೆ ಅರ್ಜಿ ಕೊಡಿರಿ.

ಮೋಟಾರು ತಯಾರಿದೆ. ರಿಲೇ ಸರಿಮಾಡಿದ ಮೇಲೆಯೇ ಇಳಿಸಿರಿ.