ಅವರೆಕಾಯಿ ಬಿಡಿಸುತ್ತಾ ವೈವಾ ತಯಾರಿ

“ಪ್ರಯೋಗ ಚೆನ್ನಾಗೇ ಮಾಡ್ದೆ ಅಮ್ಮಾ, ವೈವಾದಲ್ಲಿ ಮಾತ್ರ ಬಾಯೇ ಬರ್ಲಿಲ್ಲ!”

ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆ ಮುಗಿಸಿ ಬಂದ ಮಗಳು ಅಳುವುದೊಂದು ಬಾಕಿ. ದ್ವಿತೀಯ ಪಿ.ಯು.ಸಿ. ವಿಜ್ಞಾನ ಓದುವ ಹುಡುಗಿ. ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ಇನ್ನು ಹತ್ತೇ ದಿನ. ಪುಸ್ತಕವೆಲ್ಲ ಬಾಯಿಪಾಠವಾಗಿತ್ತು. ಮೊದಲ ಪ್ರಶ್ನೆಗೆ ಉತ್ತರ ಹೇಳಿದಳಂತೆ. ಅದರ ಬೆನ್ನಿಗೇ ಮೇಡಂ “ಯಾಕೆ?” ಎಂದಾಗ ಮಾತು ನಿಂತುಹೋಯಿತಂತೆ.

ನನಗೋ ರಸಾಯನಶಾಸ್ತ್ರದ ಗಂಧವಿಲ್ಲ. ಆದರೆ “ಯಾಕೆ” ಎಂದು ಕೇಳಲು ಪದವಿ ಬೇಕೆ? ಅಂದು ಸಂಜೆ ಅವರೆಕಾಯಿ ಬಿಡಿಸುತ್ತಾ ಕುಳಿತವಳು ಹೇಳಿದೆ: “ಪುಸ್ತಕ ಮುಚ್ಚಿಡು. ಏನೂ ತಿಳಿಯದ ನನಗೆ ಅರ್ಥವಾಗೋ ಹಾಗೆ ಗಟ್ಟಿಯಾಗಿ ಹೇಳು.”

ಅವಳು ಶುರುಮಾಡಿದಳು. ಬ್ಯೂರೆಟ್ಟಿನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್, ಅಂದರೆ ಹಿಂದೆ ಬಾವಿಗೆ ಹಾಕುತ್ತಿದ್ದೆವಲ್ಲ, ಆ ನೇರಳೆ ಹರಳಿನ ದ್ರಾವಣ. ಕೆಳಗೆ ಕೋನಿಕಲ್ ಫ್ಲಾಸ್ಕಿನಲ್ಲಿ ಪಿಪೆಟ್ಟಿನಿಂದ ಅಳೆದು ಹಾಕಿದ ಆಕ್ಸಾಲಿಕ್ ಆಮ್ಲ. ಅದಕ್ಕೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, 60–70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಮೇಲಿನಿಂದ ಹನಿಹನಿಯಾಗಿ ಬಿಡಬೇಕು. ತಿಳಿ ಗುಲಾಬಿ ಬಣ್ಣ ಹೋಗದೆ ನಿಂತಾಗ ಮುಗಿಯಿತು.

“ಬಿಸಿ ಯಾಕೆ ಮಾಡ್ಬೇಕು?”

“ತಣ್ಣಗಿದ್ದರೆ ಕ್ರಿಯೆ ತುಂಬಾ ನಿಧಾನ.”

“ಹಾಗಾದ್ರೆ ಚೆನ್ನಾಗಿ ಕುದಿಸಿದರೆ ಇನ್ನೂ ಬೇಗ ಆಗತ್ತಲ್ಲ?”

ಮಗಳು ಸುಮ್ಮನಾದಳು. ಅಲ್ಲೇ ಸಿಕ್ಕಿತು ನೋಡಿ ತೊಡಕು! ಪುಸ್ತಕ ತೆಗೆದು ನೋಡಿದಳು. ಹೆಚ್ಚು ಕಾದರೆ ಆಕ್ಸಾಲಿಕ್ ಆಮ್ಲವೇ ಒಡೆದುಹೋಗುತ್ತದೆ, ಲೆಕ್ಕ ತಪ್ಪುತ್ತದೆ.

ಅಂದಿನಿಂದ ಪ್ರತಿ ಹಂತಕ್ಕೂ ಮೂರು ಪ್ರಶ್ನೆ ಗೊತ್ತುಮಾಡಿಕೊಂಡೆವು. ಇದು ಯಾಕೆ? ಇದನ್ನು ಬಿಟ್ಟರೆ ಏನಾಗುತ್ತದೆ? ಇದರ ಬದಲು ಬೇರೆಯದು ಹಾಕಿದರೆ? ಅಡುಗೆಯಲ್ಲಿ ಹೊಸ ಸೊಸೆ ಕೇಳುವ ಪ್ರಶ್ನೆಗಳೂ ಇವೇ ತಾನೆ!

ಸಲ್ಫ್ಯೂರಿಕ್ ಆಮ್ಲವನ್ನೇ ತೆಗೆದುಕೊಳ್ಳಿ. ಅದು ಕಡಿಮೆಯಾದರೆ ಫ್ಲಾಸ್ಕಿನಲ್ಲಿ ಕಂದು ಬಣ್ಣದ ಗಸಿ ಕಾಣುತ್ತದೆ. ಬದಲಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪರ್ಮಾಂಗನೇಟಿನ ಒಂದು ಪಾಲು ಅದರಿಂದ ಕ್ಲೋರಿನ್ ಹೊರಡಿಸುವುದಕ್ಕೇ ಖರ್ಚಾಗುತ್ತದೆ. ಅಳತೆ ಹೆಚ್ಚು ಬರುತ್ತದೆ. ನೈಟ್ರಿಕ್ ಆಮ್ಲವಾದರೆ ಪರ್ಮಾಂಗನೇಟ್ ಮಾಡುವ ಉತ್ಕರ್ಷಣದ ಕೆಲಸವನ್ನು ಅದೂ ಮಾಡಹೊರಡುತ್ತದೆ, ಅಳತೆ ಕಡಿಮೆಯಾಗುತ್ತದೆ. ಒಂದು ಹಂತ, ಮೂರು ಮರುಪ್ರಶ್ನೆ!

ಇನ್ನೊಂದು ದಿನ ಹೇಳಿದಳು: “ಪಿಪೆಟ್ಟನ್ನು ಆಕ್ಸಾಲಿಕ್ ಆಮ್ಲದಿಂದಲೇ ತೊಳೀಬೇಕು, ಫ್ಲಾಸ್ಕನ್ನು ಬರೀ ನೀರಿನಿಂದ.” ಎರಡಕ್ಕೂ ಒಂದೇ ನ್ಯಾಯ ಯಾಕಿಲ್ಲ ಎಂದೆ. ಯೋಚಿಸಿ, ತಾನೇ ಬಿಡಿಸಿದಳು. ಪಿಪೆಟ್ಟಿನಲ್ಲಿ ನೀರು ಉಳಿದಿದ್ದರೆ ದ್ರಾವಣ ತೆಳುವಾಗುತ್ತದೆ. ಫ್ಲಾಸ್ಕಿಗೆ ಬೀಳುವುದು ಆಗಲೇ ಅಳೆದದ್ದು. ಒಂದಿಷ್ಟು ನೀರು ಸೇರಿದರೂ ಆಮ್ಲದ ಪ್ರಮಾಣ ಬದಲಾಗದು. ಆದರೆ ಅದನ್ನು ಆಮ್ಲದಿಂದ ತೊಳೆದರೆ ಅಳತೆಗೆ ಮೀರಿದ್ದು ಒಳಗೆ ಉಳಿಯುತ್ತದೆ.

ಎಲ್ಲಿ ತಡವರಿಸುತ್ತಾಳೆಂದು ತಿಳಿಯುವುದೂ ಕಷ್ಟವಲ್ಲ. “ಅದು ಒಂಥರಾ...” ಎಂದಳೋ, “ಅದು ಹಾಗೇ ಅಮ್ಮಾ” ಎಂದು ಸಿಡುಕಿದಳೋ, ಅಲ್ಲಿ ಅರ್ಥವಾಗಿಲ್ಲ ಎಂದೇ ಲೆಕ್ಕ. ಆ ಮಾತನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಮರುದಿನ ಮೊದಲು ಅದನ್ನೇ ಕೇಳುತ್ತಿದ್ದೆ. ಉತ್ತರ ಸರಿಯೋ ತಪ್ಪೋ ನಾನು ಹೇಳಲಾರೆ. ಧೈರ್ಯವಾಗಿ ತಪ್ಪು ಹೇಳಿದರೂ ನನಗೆ ತಿಳಿಯದು. ಅದಕ್ಕೇ ಸಂದೇಹಗಳನ್ನು ಪುಸ್ತಕದಲ್ಲಿ ನೋಡಿಯೋ, ಮೇಡಂ ಹತ್ತಿರ ಕೇಳಿಯೋ ಬರುವುದು ಅವಳ ಕೆಲಸ.

ಇನ್ನೊಂದು ಗುಟ್ಟು ಅವಳಿಗೇ ಹೊಳೆಯಿತು. ಉತ್ತರದಲ್ಲಿ ನಾವು ಆಡುವ ದೊಡ್ಡ ಮಾತೇ ಮುಂದಿನ ಪ್ರಶ್ನೆಯಾಗುತ್ತದೆ! ಮೊದಲ ಹನಿಗಳ ಬಣ್ಣ ನಿಧಾನವಾಗಿ, ಆಮೇಲಿನದು ತಟ್ಟನೆ ಹೋಗುತ್ತದೆ. “ಸ್ವಯಂವೇಗವರ್ಧನೆ” ಎಂದು ಬೀಗಿದಳು. “ಹಾಗಂದ್ರೆ?” ಎಂದೆ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಆ ಕ್ರಿಯೆಯನ್ನು ಚುರುಕುಗೊಳಿಸುತ್ತವೆ ಎಂದು ವಿವರಿಸಲು ಬಂದ ಮೇಲೆಯೇ ಆ ಪದ ಬಳಸುವುದೆಂದು ನಿಶ್ಚಯಿಸಿದಳು. ವೈವಾ ಇಂಗ್ಲಿಷಿನಲ್ಲಾದ್ದರಿಂದ, ನನಗೆ ಕನ್ನಡದಲ್ಲಿ ಒಮ್ಮೆ ಹೇಳಿ, ಅದನ್ನೇ ಗೋಡೆ ನೋಡಿಕೊಂಡು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳುತ್ತಿದ್ದಳು.

ಪರೀಕ್ಷೆಯ ದಿನ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಮೊದಲು ಕೇಳಿದ್ದು, ಸೂಚಕ ಯಾಕೆ ಹಾಕಿಲ್ಲ ಎಂದು. ಪರ್ಮಾಂಗನೇಟಿನ ಬಣ್ಣವೇ ಸೂಚಕ ಎಂದಳಂತೆ. ಆಕ್ಸಾಲಿಕ್ ಆಮ್ಲದ ಬದಲು ಮೋರ್ಸ್ ಲವಣವಿದ್ದರೂ ಬಿಸಿ ಮಾಡುತ್ತೀಯಾ ಎಂದರಂತೆ. ಇಲ್ಲ, ಅದರಲ್ಲಿರುವ ಫೆರಸ್ ಕಬ್ಬಿಣ ಬಿಸಿಯಲ್ಲಿ ಗಾಳಿಯೊಡನೆ ಸೇರಿ ಕೆಟ್ಟುಹೋಗುತ್ತದೆ ಎಂದಳಂತೆ. ಮೂರನೆಯದು ಗೊತ್ತಿರಲಿಲ್ಲ. “ಗೊತ್ತಿಲ್ಲ ಸಾರ್” ಎಂದು ನೇರವಾಗಿ ಹೇಳಿದಳಂತೆ; ಅವರು ಬೇರೆ ಪ್ರಶ್ನೆಗೆ ಹೋದರಂತೆ.

“ಅಮ್ಮಾ, ಅವ್ರಿಗಿಂತ ನೀನೇ ಜಾಸ್ತಿ ಕಾಡಿದ್ದೆ!” ಎಂದು ನಗುತ್ತಲೇ ಬಂದಳು. ಅಂದು ರಾತ್ರಿ ಹಿತಕಿದ ಅವರೆಬೇಳೆ ಸಾರು. ಬೇಳೆ ಹಿಸುಕುವ ಸರದಿ ಮಾತ್ರ ಅವಳದು!